ಸುರಂಗದ ಹೊರಬಾಯಿಯಲ್ಲಿ ಎಷ್ಟು ಜನ? ವಿಪಿಎನ್‌ನ ಮರೆ ಮತ್ತು ಗಡಿಭಾಗದ ಎರಡು ಭಾಷೆಯ ಬ್ರೌಸರ್

ಬ್ರೌಸರಿನ ಲಕ್ಷಣಗಳಿಂದಲೇ ಬಳಕೆದಾರರನ್ನು ಗುರುತಿಸಬಹುದೇ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ. 2010ರಲ್ಲಿ ಪೀಟರ್ ಎಕರ್ಸ್ಲಿ 4,70,161 ಬ್ರೌಸರುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇ. 83.6ರಷ್ಟು ತಮ್ಮ ಗುಂಪಿನಲ್ಲಿ ಒಂದೇ ಒಂದಾಗಿ ನಿಲ್ಲುತ್ತವೆ ಎಂದರು. 2018ರಲ್ಲಿ ಗೋಮೆಜ್-ಬ್ವಾ, ಲಾಪೆರ್ದ್ರಿ ಮತ್ತು ಬೋದ್ರಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ದಾಖಲೆ ಜಾಲಾಡಿ, ಆ ಪ್ರಮಾಣ ಶೇ. 33.6 ಮಾತ್ರ, ಮೊಬೈಲ್‌ಗಳಲ್ಲಂತೂ ಶೇ. 18.5 ಎಂದು ತೋರಿಸಿದರು. ಎರಡನೆಯ ಅಧ್ಯಯನ ಬಂದ ಮೇಲೆ ಒಂದು ಸಮಾಧಾನದ ಮಾತು ರೂಢಿಗೆ ಬಂತು: ಬ್ರೌಸರಿನ ಗುರುತು ಅಷ್ಟೇನೂ ಗಟ್ಟಿಯಲ್ಲ, ಐಪಿ ವಿಳಾಸವೊಂದನ್ನು ವಿಪಿಎನ್ ಹಿಂದೆ ಅಡಗಿಸಿದರೆ ಬಳಕೆದಾರ ಜನಜಂಗುಳಿಯಲ್ಲಿ ಕರಗಿಹೋಗುತ್ತಾನೆ. ಈ ತೀರ್ಮಾನ ಎಲ್ಲರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ ಎಂಬುದು ನನ್ನ ವಾದ. ನಿಪ್ಪಾಣಿ ತಾಲ್ಲೂಕಿನ ಬೇಡಕಿಹಾಳದಂಥ ಊರಿನಲ್ಲಿ ಕನ್ನಡ, ಮರಾಠಿ ಎರಡನ್ನೂ ಇಟ್ಟುಕೊಂಡಿರುವ ಫೋನನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಮೊದಲು ಸುರಂಗದ ಒಳಗಿನ ಕೆಲಸ. ಇಲ್ಲಿ ವಿವಾದವೇನಿಲ್ಲ. ಜೇಸನ್ ಡೊನೆನ್‌ಫೆಲ್ಡ್ ರಚಿಸಿದ, 2020ರಲ್ಲಿ ಲಿನಕ್ಸ್ ಕರ್ನಲ್ಲಿನ 5.6ನೇ ಆವೃತ್ತಿಗೆ ಸೇರಿದ ವೈರ್‌ಗಾರ್ಡ್ ಎಂಬ ವಿಧಾನವನ್ನೇ ನೋಡೋಣ. ಫೋನಿಗೂ ವಿಪಿಎನ್ ಸರ್ವರಿಗೂ ಮೊದಲೇ ಪರಸ್ಪರರ ಸಾರ್ವಜನಿಕ ಕೀಲಿ ಗೊತ್ತಿರುತ್ತದೆ. ಸಂಪರ್ಕದ ಆರಂಭದಲ್ಲಿ ಎರಡೂ ಕಡೆ ತಾತ್ಕಾಲಿಕ ಕೀಲಿಗಳನ್ನು ಹುಟ್ಟಿಸಿ, ಅವುಗಳಿಂದ ಆ ಹೊತ್ತಿಗಷ್ಟೇ ಸಲ್ಲುವ ಒಂದು ಗುಟ್ಟನ್ನು ಲೆಕ್ಕಹಾಕಿಕೊಳ್ಳುತ್ತವೆ. ದತ್ತಾಂಶ ಹರಿಯುತ್ತಿರುವಷ್ಟು ಹೊತ್ತು ಸುಮಾರು ಎರಡು ನಿಮಿಷಕ್ಕೊಮ್ಮೆ ಈ ಗುಟ್ಟು ಹೊಸದಾಗುತ್ತದೆ. ಹಾಗಾಗಿ ನಾಳೆ ಯಾರೋ ಫೋನನ್ನೇ ಕಸಿದು ಶಾಶ್ವತ ಕೀಲಿ ತೆಗೆದುಕೊಂಡರೂ ನಿನ್ನೆ ಹಿಡಿದಿಟ್ಟ ಪ್ಯಾಕೆಟ್ಟುಗಳನ್ನು ಓದಲಾಗದು.

ಒಂದು ಪ್ಯಾಕೆಟ್ಟಿನ ಪಾಡನ್ನು ಹತ್ತಿರದಿಂದ ನೋಡಬಹುದು. ಒಂದು ಜಾಲತಾಣದ ವಿಳಾಸ ಕೇಳುವ ಡಿಎನ್‌ಎಸ್ ಪ್ರಶ್ನೆ 60 ಬೈಟ್ ಇದೆ ಎನ್ನಿ. ವೈರ್‌ಗಾರ್ಡ್ ಅದನ್ನು 16ರ ಗುಣಕವಾಗುವಂತೆ 64ಕ್ಕೆ ತುಂಬಿಸಿ ChaCha20 ವಿಧಾನದಿಂದ ಗೂಢಗೊಳಿಸುತ್ತದೆ. ದಾರಿಯಲ್ಲಿ ಯಾರೂ ತಿದ್ದಿಲ್ಲವೆಂಬುದಕ್ಕೆ 16 ಬೈಟಿನ Poly1305 ಮುದ್ರೆ ಒತ್ತುತ್ತದೆ. ಮುಂದೆ 16 ಬೈಟಿನ ತಲೆಬರಹ ಬರುತ್ತದೆ. ಈ 96 ಬೈಟುಗಳ ಮೇಲೆ ಯುಡಿಪಿಯ 8, ಹೊರಗಿನ ಐಪಿ ತಲೆಬರಹದ 20 ಸೇರಿ ಒಟ್ಟು 124 ಬೈಟು ಹೊರಬೀಳುತ್ತದೆ. ಒಳಗಿದ್ದ ಪ್ರಶ್ನೆಯಾಗಲಿ, ಅದು ಹೊರಟಿದ್ದ ವಿಳಾಸವಾಗಲಿ ಊರಿನ ಫೈಬರ್ ಕಂಪನಿಗೆ ಕಾಣುವುದಿಲ್ಲ. ಆ 124 ಎಂಬ ಗಾತ್ರ, ಹೊರಟ ಕ್ಷಣ ಮತ್ತು ವಿಪಿಎನ್ ಸರ್ವರಿನ ವಿಳಾಸ ಮಾತ್ರ ಕಾಣುತ್ತವೆ.

ಸುರಂಗವಿದೆ ಎಂಬ ಸಂಗತಿಯನ್ನಂತೂ ವೈರ್‌ಗಾರ್ಡ್ ಮುಚ್ಚುವುದೇ ಇಲ್ಲ. ಅದು ತನ್ನ ಕೆಲಸವಲ್ಲವೆಂದು ಆ ಯೋಜನೆಯವರೇ ಹೇಳಿದ್ದಾರೆ. ಆರಂಭದ ಸಂದೇಶ ಯಾವಾಗಲೂ 148 ಬೈಟು, ಅದಕ್ಕೆ ಬರುವ ಉತ್ತರ 92. ಎರಡು ನಿಮಿಷಕ್ಕೊಮ್ಮೆ ಈ ಜೋಡಿ ಮರುಕಳಿಸಿದರೆ ಇಂಟರ್ನೆಟ್ ಕಂಪನಿಯವರು ಊಹಿಸಬೇಕಾದ್ದೇನೂ ಉಳಿಯದು. ಗಾತ್ರ ಮತ್ತು ಲಯದಿಂದ ಇನ್ನೂ ಮುಂದೆ ಹೋಗಬಹುದು. ಗೂಢಗೊಳಿಸಿದ ಹರಿವಿನ ಏರಿಳಿತ ನೋಡಿಯೇ ಯಾವ ವಿಡಿಯೊ ಓಡುತ್ತಿದೆ ಎಂದು ಹೇಳಬಹುದೆಂದು ಶುಸ್ಟರ್, ಶ್ಮಾಟಿಕೊವ್, ಟ್ರೋಮರ್ 2017ರಲ್ಲಿ ತೋರಿಸಿದ್ದಾರೆ, ತಾವು ಮೊದಲೇ ಕಲಿಸಿಟ್ಟ ವಿಡಿಯೊಗಳ ಪಟ್ಟಿಯೊಳಗೆ ಎಂಬ ಷರತ್ತಿನೊಂದಿಗೆ.

ಸುರಂಗದ ಆಚೆ ತುದಿಯಲ್ಲಿ ಹೊದಿಕೆ ಬಿಚ್ಚುವವರು ವಿಪಿಎನ್ ಕಂಪನಿಯವರು. ಊರಿನ ಇಂಟರ್ನೆಟ್ ಕಂಪನಿ ನೋಡಬಹುದಾಗಿದ್ದನ್ನೆಲ್ಲ ಈಗ ಅವರು ನೋಡಬಲ್ಲರು: ಯಾವ ತಾಣ, ಎಷ್ಟು ಹೊತ್ತಿಗೆ, ಎಷ್ಟು ದತ್ತಾಂಶ. ತಾಣ ಎಚ್‌ಟಿಟಿಪಿಎಸ್ ಬಳಸಿದ್ದರೆ ಒಳಗಿನ ಬರಹ ಅವರಿಗೂ ಕಾಣದು, ಆದರೆ ತಾಣದ ಹೆಸರು ಸಾಮಾನ್ಯವಾಗಿ ಸಂಪರ್ಕದ ಮೊದಲ ಹೆಜ್ಜೆಯಲ್ಲೇ ತೆರೆದ ಅಕ್ಷರಗಳಲ್ಲಿ ಹೋಗುತ್ತದೆ. 2022ರ ಏಪ್ರಿಲ್ 28ರಂದು ಭಾರತದ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಇಲ್ಲಿ ಮುಖ್ಯ. ಗ್ರಾಹಕರ ಹೆಸರು, ಪರಿಶೀಲಿಸಿದ ವಿಳಾಸ, ಅವರಿಗೆ ಕೊಟ್ಟ ಐಪಿ ಇವನ್ನೆಲ್ಲ 5 ವರ್ಷ ಇಟ್ಟುಕೊಳ್ಳಬೇಕೆಂದು ಅದು ವಿಪಿಎನ್ ಕಂಪನಿಗಳಿಗೆ ಹೇಳಿತು. ಆ ವರ್ಷದ ಜೂನ್‌ನಲ್ಲೇ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ತಮ್ಮ ಸರ್ವರುಗಳನ್ನು ಭಾರತದಿಂದ ತೆಗೆಯುವುದಾಗಿ ಘೋಷಿಸಿದವು. ಇದರ ರಾಜಕೀಯ ಸಾಕಷ್ಟು ಚರ್ಚೆಯಾಗಿದೆ. ಚರ್ಚೆಗೆ ಬಾರದ ಪರಿಣಾಮವೊಂದಿದೆ: ಬೇಡಕಿಹಾಳದ ಫೋನು ಈಗ ಹೊರಬೀಳುವ ಬಾಯಿ ಹೆಚ್ಚಾಗಿ ಸಿಂಗಪುರದಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಇರುತ್ತದೆ. ನನ್ನ ವಾದ ಶುರುವಾಗುವುದು ಇಲ್ಲಿಂದ.

ಹೊರಬಾಯಿ ಎಲ್ಲೇ ಇರಲಿ, ಬ್ರೌಸರ್ ತಾಣಕ್ಕೆ ತನ್ನ ಭಾಷೆಗಳ ಪಟ್ಟಿಯನ್ನು ಕಳಿಸುತ್ತದೆ. ಫೋನಿನಲ್ಲಿ ಕನ್ನಡ ಮೊದಲು, ಮರಾಠಿ ಎರಡನೆಯದು, ಇಂಗ್ಲಿಷ್ ಮೂರನೆಯದು ಎಂದು ಇಟ್ಟುಕೊಂಡವರ ಬ್ರೌಸರ್ ಕಳಿಸುವ ಸಾಲು ಹೀಗಿರಬಹುದು:

```
Accept-Language: kn-IN,kn;q=0.9,mr-IN;q=0.8,mr;q=0.7,en-IN;q=0.6,en;q=0.5
```

ಇದರ ಜೊತೆಗೆ ತಾಣದ ಜಾವಾಸ್ಕ್ರಿಪ್ಟ್ ಕೇಳಿದರೆ ಬ್ರೌಸರ್ ತನ್ನ ಕಾಲವಲಯ ಭಾರತದ್ದು ಎಂದು ಹೇಳುತ್ತದೆ. ಇವೆರಡೂ ಸುರಂಗದೊಳಗೆ ಭದ್ರವಾಗಿಯೇ ಸಾಗುತ್ತವೆ. ದಾರಿಯಲ್ಲಿ ಯಾರೂ ಓದುವುದಿಲ್ಲ, ಆದರೆ ತಲುಪುವುದು ತಾಣಕ್ಕೇ. ಗೂಢಲಿಪಿ ದಾರಿಯವರಿಂದ ಕಾಯುತ್ತದೆ. ಮನೆಗೆ ಬಂದ ಪತ್ರವನ್ನು ಮನೆಯವರು ಓದುವುದನ್ನು ಅದು ತಡೆಯಲಾರದು.

2018ರ ಅಧ್ಯಯನದ ಮಾದರಿ ಎಲ್ಲಿಯದು ಎಂದು ನೋಡಿದರೆ ತೊಡಕು ಗೊತ್ತಾಗುತ್ತದೆ. ಅದು ಜನಪ್ರಿಯ ಫ್ರೆಂಚ್ ತಾಣವೊಂದರ ಓದುಗರಿಂದ ಸಂಗ್ರಹಿಸಿದ್ದು. ಎಕರ್ಸ್ಲಿಯ ಮಾದರಿ ಖಾಸಗಿತನದ ಬಗ್ಗೆ ಕುತೂಹಲವಿದ್ದವರದು, ನಮ್ಮದು ಸಾಮಾನ್ಯ ಜನರದು ಎಂಬುದು ಲೇಖಕರ ಹೆಗ್ಗಳಿಕೆ, ಮತ್ತು ಅದು ನ್ಯಾಯವಾದದ್ದೇ. ಆದರೆ ಫ್ರೆಂಚ್ ತಾಣಕ್ಕೆ ಬರುವ ಬಹುಪಾಲು ಜನರ ಭಾಷೆ ಫ್ರೆಂಚ್, ಕಾಲವಲಯ ಪ್ಯಾರಿಸ್. ಅಂಥ ಗುಂಪಿನಲ್ಲಿ ಈ ಎರಡು ಲಕ್ಷಣಗಳು ಹೆಚ್ಚಿನವರನ್ನು ಬೇರ್ಪಡಿಸುವುದಿಲ್ಲ. ಹೀಗೆ ಬಂದ ಶೇ. 33.6 ಒಂದೇ ಬಗೆಯ ಜನರ ನಡುವಿನ ಅಂಕಿ. ವಿಪಿಎನ್ನಿನ ಹೊರಬಾಯಿಯಲ್ಲಿ ನಿಲ್ಲುವ ಗುಂಪು ಅಂಥದಲ್ಲ. ಅಲ್ಲಿ ಎಲ್ಲ ದೇಶದವರೂ ಒಂದೇ ವಿಳಾಸದಿಂದ ಹೊರಬರುತ್ತಾರೆ. ಆದ್ದರಿಂದ ಭಾಷೆಗೂ ಕಾಲವಲಯಕ್ಕೂ ಅಲ್ಲಿ ಹೆಚ್ಚು ತೂಕ ಬರುತ್ತದೆ.

ಇದನ್ನು ಲೆಕ್ಕದಲ್ಲಿ ಇಟ್ಟು ನೋಡೋಣ. ಇವು ಅಳೆದ ಅಂಕಿಗಳಲ್ಲ, ವಾದದ ರಚನೆ ಕಾಣಲೆಂದು ಇಟ್ಟುಕೊಂಡ ಊಹೆಗಳು. ಆಮ್‌ಸ್ಟರ್‌ಡ್ಯಾಮಿನ ಒಂದು ಹೊರಬಾಯಿಯಿಂದ ಒಂದು ತಾಣಕ್ಕೆ ದಿನಕ್ಕೆ 4,096 ಬ್ರೌಸರುಗಳು ಬರುತ್ತವೆ ಎನ್ನಿ. ಎಂಟರಲ್ಲಿ ಒಂದು ಭಾರತದ ಕಾಲವಲಯದ್ದಾದರೆ 512 ಉಳಿದವು. ಅವುಗಳಲ್ಲಿ 64ಕ್ಕೊಂದು ಕನ್ನಡವನ್ನು ಮೊದಲ ಭಾಷೆಯಾಗಿ ಕಳಿಸಿದರೆ 8. ಆ ಎಂಟರಲ್ಲಿ ಮರಾಠಿಯನ್ನು ಎರಡನೆಯದಾಗಿ ಇಟ್ಟುಕೊಂಡದ್ದು ಒಂದು. ಫೋನಿನ ಮಾದರಿ, ಪರದೆಯ ಅಳತೆ, ಅಕ್ಷರವಿನ್ಯಾಸ ಇವನ್ನು ಮುಟ್ಟುವ ಮೊದಲೇ ಗುಂಪು ಕರಗಿ ಒಬ್ಬರಿಗೆ ಬಂತು.

ಈಗ ಅದೇ ಫೋನು ವಿಪಿಎನ್ ಇಲ್ಲದೆ ಹೋಗಲಿ. ಐಪಿವಿ4 ವಿಳಾಸಗಳ ಕೊರತೆಯಿಂದ ನಮ್ಮ ಇಂಟರ್ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವುದು ಸಾಮಾನ್ಯ. ಆ ಭಾಗದ 128 ಗ್ರಾಹಕರು ಒಂದೇ ವಿಳಾಸದ ಹಿಂದಿದ್ದರೆ ಎಲ್ಲರ ಕಾಲವಲಯವೂ ಒಂದೇ. ಎಂಟಕ್ಕೊಬ್ಬರು ಕನ್ನಡ-ಮರಾಠಿ ಜೋಡಿಯವರಾದರೆ 16 ಜನ ಉಳಿಯುತ್ತಾರೆ. ಬೇಡಕಿಹಾಳ, ಬೋರಗಾಂವ, ಸದಲಗಾ ಸುತ್ತಿನಲ್ಲಿ ವಿಶೇಷವಲ್ಲದ ಜೋಡಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಎದ್ದುಕಾಣುತ್ತದೆ. ಹಾಗಾಗಿ ನನ್ನ ದಿಟ್ಟ ಹೇಳಿಕೆ ಇದು: ವಿದೇಶೀ ಹೊರಬಾಯಿಯ ವಿಪಿಎನ್, ಗಡಿಭಾಗದ ಎರಡು ಭಾಷೆಯ ಬಳಕೆದಾರರನ್ನು ತಾಣದ ದೃಷ್ಟಿಯಲ್ಲಿ ಮರೆಮಾಡುವ ಬದಲು ಇನ್ನಷ್ಟು ಬಿಡಿಯಾಗಿ ನಿಲ್ಲಿಸಬಹುದು.

"ಬಹುದು" ಎಂದದ್ದಕ್ಕೆ ಕಾರಣಗಳಿವೆ. ಬಿಡಿಯಾಗಿ ನಿಲ್ಲುವುದೆಂದರೆ ಹೆಸರು ಗೊತ್ತಾಗುವುದಲ್ಲ. ನಿನ್ನೆ ಬಂದವರೇ ಇವತ್ತೂ ಬಂದರು ಎಂದು ತಾಣ ಹೇಳಬಲ್ಲದು, ಅಷ್ಟೆ. ಆದರೆ ಒಮ್ಮೆ ಲಾಗಿನ್ ಆದರೆ, ಅಥವಾ ಹಳೆಯ ಕುಕಿ ಉಳಿದಿದ್ದರೆ ಹೆಸರೂ ಸೇರಿಕೊಳ್ಳುತ್ತದೆ. ಎರಡನೆಯದಾಗಿ, ವಿಪಿಎನ್ ಇಲ್ಲದಿದ್ದಾಗ ಐಪಿಯಿಂದ ತಾಣಕ್ಕೆ ಒರಟಾಗಿಯಾದರೂ ಪ್ರದೇಶ ಸಿಗುತ್ತದೆ. ಆ ಸುಳಿವನ್ನು ವಿಪಿಎನ್ ನಿಜವಾಗಿಯೂ ತೆಗೆಯುತ್ತದೆ, ಕನ್ನಡ-ಮರಾಠಿಯ ಜೋಡಿ ಅದರ ಒಂದಷ್ಟು ಭಾಗವನ್ನು ಹಿಂತಿರುಗಿಸುತ್ತದೆ. ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ನಮ್ಮಲ್ಲಿ ಅನೇಕರ ಫೋನಿನ ಭಾಷೆ ಇಂಗ್ಲಿಷೇ, ಮಾತು ಯಾವುದೇ ಇರಲಿ. ಅವರ ಬ್ರೌಸರ್ `en-IN` ಎಂದಷ್ಟೇ ಕಳಿಸುತ್ತದೆ, ಮೇಲಿನ ಲೆಕ್ಕ 512ರ ಹತ್ತಿರವೇ ನಿಂತುಬಿಡುತ್ತದೆ. ಇದನ್ನು ಒಪ್ಪುತ್ತೇನೆ. ಆದರೆ ಇದರ ಅರ್ಥ, ಫೋನನ್ನು ಕನ್ನಡದಲ್ಲಿ ಇಟ್ಟುಕೊಂಡವರು ಅದಕ್ಕಾಗಿ ಗುಂಪಿನಲ್ಲಿ ಬೆಲೆ ತೆರುತ್ತಾರೆ ಎಂದೇ. ಸಫಾರಿ ಒಂದೇ ಭಾಷೆಯನ್ನು ಕಳಿಸುತ್ತದೆ. ಟಾರ್ ಬ್ರೌಸರ್ ಕಾಲವಲಯವನ್ನೂ ಎಲ್ಲರಿಗೂ ಯುಟಿಸಿ ಮಾಡಿಬಿಡುತ್ತದೆ. ಅಂದರೆ ಪರಿಹಾರವಿರುವುದು ಬ್ರೌಸರಿನಲ್ಲಿ. ಸುರಂಗದ ಗೂಢಲಿಪಿಯನ್ನು ಎಷ್ಟು ಬಲಪಡಿಸಿದರೂ ಈ ತೂತು ಮುಚ್ಚದು.

ಈ ಎಲ್ಲ ವಾದವೂ ಸುರಂಗ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ನಂಬಿ ನಡೆದದ್ದು. ಹಾಗಿಲ್ಲದಿರುವುದೂ ಉಂಟು. 2015ರಲ್ಲಿ ಪೆರ್ತಾ ಮತ್ತು ಸಂಗಡಿಗರು 14 ವಿಪಿಎನ್ ಸೇವೆಗಳನ್ನು ಪರೀಕ್ಷಿಸಿ, ಹೆಚ್ಚಿನವು ಐಪಿವಿ6 ದಟ್ಟಣೆಯನ್ನು ಸುರಂಗದ ಹೊರಗೇ ಬಿಡುತ್ತವೆ ಎಂದು ಕಂಡರು. ಐಪಿವಿ6 ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದು ಹಳೆಯ ಸುದ್ದಿಯೆಂದು ಬದಿಗಿಡುವಂತಿಲ್ಲ. ಲಿನಕ್ಸ್ ಕಂಪ್ಯೂಟರಿನಲ್ಲಿ ಕೈಯಾರೆ ಬರೆದ ವೈರ್‌ಗಾರ್ಡ್ ಸಂರಚನೆಯಲ್ಲಿ ಮೊದಲ ಸಾಲು ಮಾತ್ರ ಇದ್ದರೆ ಐಪಿವಿ6 ಹೊರಗೆ ಹೋಗುತ್ತದೆ, ಎರಡನೆಯದಿದ್ದರೆ ಹೋಗುವುದಿಲ್ಲ:

```
AllowedIPs = 0.0.0.0/0
AllowedIPs = 0.0.0.0/0, ::/0
```

ಪತ್ತೆ ಹಚ್ಚುವುದು ಸುಲಭ. ವಿಳಾಸ ತೋರಿಸುವ ಯಾವುದಾದರೂ ತಾಣವನ್ನು ಒಮ್ಮೆ ವಿಪಿಎನ್ ಹಾಕಿ, ಒಮ್ಮೆ ಅದನ್ನು ಆರಿಸಿ ತೆರೆದಾಗ, ಐಪಿವಿ6 ವಿಳಾಸದ ಮೊದಲ ನಾಲ್ಕು ಗುಂಪುಗಳು ಎರಡೂ ಬಾರಿ ಒಂದೇ ಇದ್ದರೆ ಸೋರಿಕೆಯಿದೆ. ಸಿಂಗಪುರದ ಐಪಿವಿ4 ವಿಳಾಸದ ಪಕ್ಕದಲ್ಲೇ ಮನೆಯ ಐಪಿವಿ6 ಕಂಡರೆ ಮೇಲಿನ ಗುಂಪಿನ ಲೆಕ್ಕ ಹಾಕುವ ಅಗತ್ಯವೇ ತಾಣಕ್ಕೆ ಇರುವುದಿಲ್ಲ.

ಉಳಿದ ಪ್ರಶ್ನೆ ಅಳತೆಯದು. 4,096, 64, 8 ಎಂಬ ನನ್ನ ಊಹೆಗಳ ಜಾಗದಲ್ಲಿ ನಿಜವಾದ ಅಂಕಿ ಕೂರಿಸಬೇಕಾದರೆ, ಹೆಚ್ಚು ಓದುಗರಿರುವ ಕನ್ನಡ ತಾಣವೊಂದು ತನಗೆ ಬರುವ ಭಾಷಾ ಸಾಲುಗಳ ಎಣಿಕೆಯನ್ನು, ವಿಪಿಎನ್ ವಿಳಾಸಗಳಿಂದ ಬಂದವು ಮತ್ತು ಬಾರದವು ಎಂದು ಬೇರ್ಪಡಿಸಿ, ಒಟ್ಟುಮೊತ್ತದಲ್ಲಿ ಪ್ರಕಟಿಸಬೇಕು. ಕನ್ನಡ-ಮರಾಠಿ ಜೋಡಿಯೊಂದಿಗೆ ಕಾಸರಗೋಡಿನ ಕನ್ನಡ-ಮಲಯಾಳಂ ಜೋಡಿಯನ್ನೂ, ಬಳ್ಳಾರಿ ಕಡೆಯ ಕನ್ನಡ-ತೆಲುಗು ಜೋಡಿಯನ್ನೂ ಎಣಿಸಿದರೆ, ಎದ್ದುಕಾಣುವುದು ಗಡಿಯ ಎಲ್ಲ ದ್ವಿಭಾಷಿಕರ ಪಾಡೋ ಅಥವಾ ಕೆಲವೇ ಭಾಗದವರದೋ ಎಂಬುದು ತಿಳಿದೀತು.