ರ್‍ಯಾಂಕು ಮತ್ತು ಬ್ರಾಂಚು: ಒಂದು ಹಳೆಯ ತಪ್ಪಿನ ನೆನಪು



ನಾನು ಹುಮನಾಬಾದಿಗೆ ಗಣಿತದ ಶಿಕ್ಷಕನಾಗಿ ಬಂದ ಕಾಲಕ್ಕೆ ನಮ್ಮ ಭಾಗದಲ್ಲಿ ಇಂಜಿನಿಯರಿಂಗ್ ಎಂದರೆ ಬಹುಮಟ್ಟಿಗೆ ಕಲಬುರಗಿಯ ಪಿ.ಡಿ.ಎ. ಕಾಲೇಜು. 1958ರಲ್ಲಿ ಆರಂಭವಾದ ಸಂಸ್ಥೆ ಅದು. ಬೀದರ್, ಭಾಲ್ಕಿಗಳ ಕಾಲೇಜುಗಳು ಇನ್ನೂ ಎಳೆಯವು. ಆಗ ಹುಡುಗರಿಗೆ ಸೀಟು ಸಿಗುವುದೇ ದೊಡ್ಡ ಮಾತಾಗಿತ್ತು. ಯಾವ ಬ್ರಾಂಚು ಎಂಬ ಪ್ರಶ್ನೆ ಆಮೇಲಿನದು.

1994ರಲ್ಲಿ ಸಿ.ಇ.ಟಿ. ಬಂದಿತು. ಕ್ಯಾಪಿಟೇಶನ್ ಹಣವಿಲ್ಲದವನ ಮಗನಿಗೂ ಬಾಗಿಲು ತೆರೆಯಿತೆಂದು ನಾವು ಸಂತೋಷಪಟ್ಟೆವು, ಅದು ಸುಳ್ಳಲ್ಲ. ಆದರೆ ಅದರ ಜೊತೆಗೇ ಒಂದು ಹೊಸ ರೂಢಿಯೂ ಬೆಳೆಯಿತು. ರ್‍ಯಾಂಕು ಎಷ್ಟು ಮೇಲಿದೆಯೋ ಅಷ್ಟು ಬೇಡಿಕೆಯ ಬ್ರಾಂಚನ್ನೇ ಹಿಡಿಯಬೇಕು, ಇಲ್ಲದಿದ್ದರೆ ರ್‍ಯಾಂಕು ದಂಡ ಎಂಬ ಭಾವನೆ ಅದು. ಅದನ್ನು ಹರಡಿದವರಲ್ಲಿ ನಾನೂ ಒಬ್ಬ.

1997ರಲ್ಲಿ ಬಸವಕಲ್ಯಾಣದ ಕಡೆಯ ನನ್ನ ಶಿಷ್ಯನೊಬ್ಬನಿಗೆ ಒಳ್ಳೆಯ ರ್‍ಯಾಂಕು ಬಂದಿತು. ಹೈದರಾಬಾದು–ಪುಣೆ ಹೆದ್ದಾರಿಯ ಪಕ್ಕದ ಲಾರಿ ಗ್ಯಾರೇಜುಗಳಲ್ಲಿ ರಜೆ ಕಳೆಯುತ್ತಿದ್ದ ಹುಡುಗ. ಬಿಚ್ಚಿಟ್ಟ ಎಂಜಿನ್ನಿನ ಮುಂದೆ ಊಟ ಮರೆಯುತ್ತಿದ್ದ. ಆಗ ಕೌನ್ಸೆಲಿಂಗ್ ಬೆಂಗಳೂರಿನಲ್ಲಿಯೇ. ರಾತ್ರಿಯಿಡೀ ಬಸ್ಸಿನಲ್ಲಿ ಹೋಗಿ ಸರದಿ ಕಾದು, ಉಳಿದ ಸೀಟುಗಳ ಪಟ್ಟಿ ನೋಡಿ, ಕೆಲವೇ ನಿಮಿಷಗಳಲ್ಲಿ ನಿರ್ಧರಿಸಬೇಕಿತ್ತು. ಜೊತೆಗೆ ಹೋಗಿದ್ದವನು ನಾನು. "ಸರ್, ಮೆಕ್ಯಾನಿಕಲ್ ತಗೋಳ್ಳೇನ್ರಿ?" ಎಂದು ಅವನು ಮೆಲ್ಲಗೆ ಕೇಳಿದ. "ಈ ರ್‍ಯಾಂಕಿಗೆ ಮೆಕ್ಯಾನಿಕಲ್ಲೇ? ಇಲೆಕ್ಟ್ರಾನಿಕ್ಸ್ ತೊಗೊ" ಎಂದೆ. ತೆಗೆದುಕೊಂಡ.

ಅವನು ಪದವಿ ಮುಗಿಸಿದ್ದು 2001ರಲ್ಲಿ. ಅಮೆರಿಕದ ಡಾಟ್-ಕಾಮ್ ಕಂಪನಿಗಳು ಕುಸಿದು, ಇಲ್ಲಿ ಕೆಲಸಕ್ಕೆ ಕರೆದಿದ್ದ ಕಂಪನಿಗಳೂ ಸೇರಿಕೊಳ್ಳುವ ದಿನವನ್ನು ಮುಂದೂಡುತ್ತಿದ್ದ ವರ್ಷ ಅದು. ಒಂದೂವರೆ ವರ್ಷ ಮನೆಯಲ್ಲಿ ಕುಳಿತ. ಅವನ ತಂದೆ ಒಮ್ಮೆಯೂ ನನ್ನನ್ನು ದೂರಲಿಲ್ಲ. ಅದೇ ಹೆಚ್ಚು ನೋಯಿಸಿತು. ಕೊನೆಗೆ ಅವನು ಅದೇ ಹೆದ್ದಾರಿ ಹಿಡಿದು ಪುಣೆಗೆ ಹೋಗಿ, ಮೆಕ್ಯಾನಿಕಲ್ ಓದಿದ ಕಿರಿಯರಿಗಿಂತ ಕಡಿಮೆ ಸಂಬಳಕ್ಕೆ ವಾಹನ ಕಾರ್ಖಾನೆಯೊಂದನ್ನು ಸೇರಿ ಮೇಲೆ ಬಂದ.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಆಮೇಲೆ ಯೋಚಿಸಿದೆ. ಕಟ್-ಆಫ್ ಎಂದರೆ ಆ ವರ್ಷ ಆ ಸೀಟನ್ನು ಕೊನೆಗೆ ಪಡೆದವನ ರ್‍ಯಾಂಕು, ಅಷ್ಟೇ. ಆ ವರ್ಷದ ತಂದೆ-ತಾಯಿಯರ ಆಸೆಯನ್ನು ಅದು ತಿಳಿಸುತ್ತದೆ. ಕೆಲಸ ಬೇಕಾಗುವುದು ನಾಲ್ಕು ವರ್ಷಗಳ ನಂತರ. ಇಂದಿನ ಉದ್ಯೋಗದ ಸುದ್ದಿಯನ್ನೇ ನಂಬಿ ಎಲ್ಲರೂ ಒಂದೇ ಬ್ರಾಂಚಿಗೆ ನುಗ್ಗಿದರೆ, ನಾಲ್ಕು ವರ್ಷಕ್ಕೆ ಅವರೆಲ್ಲ ಒಟ್ಟಿಗೇ ಹೊರಬರುತ್ತಾರೆ.

ಇತ್ತೀಚೆಗೆ ಅದೇ ಶಿಷ್ಯನ ಅಣ್ಣನ ಮಗಳು ನನ್ನಲ್ಲಿಗೆ ಬಂದಳು. "ಸರ್, ನನಗೂ ಕಾಕಾನಂಗ ಗಾಡೀ ಹುಚ್ಚು ಅದರಿ" ಎಂದಳು. ಈ ಸಲ ನಾನು ಉತ್ತರ ಹೇಳಲಿಲ್ಲ. ಎರಡು ಕೆಲಸ ಹೇಳಿದೆ. ಒಂದು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎರಡನೆಯ ಮತ್ತು ಮೂರನೆಯ ವರ್ಷದ ಪಠ್ಯಕ್ರಮ ತೆರೆದು, ಥರ್ಮೋಡೈನಾಮಿಕ್ಸಿನ ಒಂದು ಅಧ್ಯಾಯ, ವಿದ್ಯುತ್ ಮೋಟಾರಿನ ಒಂದು ಅಧ್ಯಾಯ ಓದಿ ಲೆಕ್ಕ ಬಿಡಿಸುವುದು. ಗಾಡಿಯನ್ನು ಪ್ರೀತಿಸುವುದು ಬೇರೆ, ಗಾಡಿಯ ಗಣಿತವನ್ನು ಸಹಿಸುವುದು ಬೇರೆ. ಇನ್ನೊಂದು, ವಾಹನ ಕಂಪನಿಗಳು ಹೊಸಬರಿಗಾಗಿ ಹಾಕಿದ ಇಪ್ಪತ್ತು ಜಾಹೀರಾತು ಓದಿ, ಯಾವ ವಿಷಯ ಕೇಳಿದ್ದಾರೆಂದು ಬರೆದಿಡುವುದು.

ಎರಡು ವಾರಕ್ಕೆ ಮರಳಿದಳು. ಜಾಹೀರಾತುಗಳಲ್ಲಿ ಬ್ಯಾಟರಿ, ಮೋಟಾರು, ಅದನ್ನು ನಿಯಂತ್ರಿಸುವ ಸರ್ಕ್ಯೂಟು ಮತ್ತೆ ಮತ್ತೆ ಬಂದಿದ್ದವು. ಮೋಟಾರಿನ ಲೆಕ್ಕಗಳನ್ನು ರಾತ್ರಿ ಕುಳಿತು ಮುಗಿಸಿದ್ದಳು. ಥರ್ಮೋಡೈನಾಮಿಕ್ಸ್ ಅರ್ಧಕ್ಕೆ ನಿಂತಿತ್ತು. ಹುಚ್ಚು ಕಾಕಾನದೇ, ಆದರೆ ಗಾಡಿ ಬದಲಾಗಿದೆ. ಆಯ್ಕೆ ಇಲೆಕ್ಟ್ರಿಕಲ್ ಎಂದಾಯಿತು.

ಮನೆಯಲ್ಲಿ ಕಂಪ್ಯೂಟರ್ ಸೈನ್ಸಿನ ಪಟ್ಟು ಬಲವಾಗಿಯೇ ಇತ್ತು. ಕ್ಯಾಂಪಸ್ಸಿನಲ್ಲಿ ಅದಕ್ಕೆ ಬರುವ ಕಂಪನಿಗಳು ಹೆಚ್ಚು, ಮೊದಲ ಸಂಬಳವೂ ಅನೇಕ ವೇಳೆ ಹೆಚ್ಚು ಎಂಬುದನ್ನು ನಾನು ಅವಳಿಂದ ಮುಚ್ಚಿಡಲಿಲ್ಲ. ಅದನ್ನು ತಿಳಿದೇ ಅವಳು ಒಪ್ಪಿದಳು. ಆಪ್ಷನ್ ತುಂಬುವಾಗ ತಂದೆ, "ಮೇಲೆ ಕಂಪ್ಯೂಟರ್ ಹಾಕಿ, ಕೆಳಗೆ ನಿನ್ನದು ಬರಿ" ಎಂದರಂತೆ. ಇಲ್ಲಿಯೇ ಅನೇಕರು ಮೋಸ ಹೋಗುವುದು. ಯಂತ್ರವು ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು, ರ್‍ಯಾಂಕಿಗೆ ಸಿಗುವ ಮೊದಲನೆಯ ಸೀಟನ್ನು ಕೊಟ್ಟುಬಿಡುತ್ತದೆ. ಕೆಳಗಿನದನ್ನು ನೋಡುವುದೇ ಇಲ್ಲ. ಆದ್ದರಿಂದ ಕಟ್-ಆಫ್ ಕ್ರಮದಲ್ಲಿ ಬರೆಯಬಾರದು, ಮನಸ್ಸಿನ ಕ್ರಮದಲ್ಲಿ ಬರೆಯಬೇಕು. ಸಿಗಲಾರದೆಂಬ ಸೀಟನ್ನು ಮೇಲೆ ಬರೆದರೆ ಕೆಳಗಿನದಕ್ಕೆ ನಷ್ಟವಿಲ್ಲ. ಬೇಡವಾದದ್ದನ್ನು ಮೇಲೆ ಬರೆದರೆ ಮಾತ್ರ ಅದೇ ಗಂಟು ಬೀಳುತ್ತದೆ.

ಅವಳು ಇಲೆಕ್ಟ್ರಿಕಲ್ಲನ್ನು ಮೊದಲು ಬರೆದಳು, ಅದೇ ಸಿಕ್ಕಿತು. ಪುಣೆಯಿಂದ ಕಾಕಾ ಫೋನು ಮಾಡಿ, "ಈ ಸಲ ನೀವು ಏನೂ ಹೇಳಲಿಲ್ಲಂತಲ್ರೀ ಸರ್" ಎಂದು ನಕ್ಕ.