ಬಂಟನ ಕಲ್ಲಿನಲ್ಲಿ ಒಡೆಯನ ಕಥೆ

ಪಂಪನ ದುರ್ಯೋಧನನ ಎತ್ತರವನ್ನು ಅಳೆಯಬೇಕಾದರೆ ಅವನ ಮಾತುಗಳನ್ನು ಕೇಳಿದರಷ್ಟೇ ಸಾಲದು, ಕರ್ಣನತ್ತಲೂ ನೋಡಬೇಕು. ತಾನು ಪಾಂಡವರ ಹಿರಿಯಣ್ಣನೆಂಬುದು ತಿಳಿದ ಮೇಲೂ, ಕೈಗೆಟುಕುವಂತಿದ್ದ ರಾಜ್ಯವನ್ನು ಒಲ್ಲದೆ, ಕರ್ಣನು ಗೆಳೆಯನ ಪಕ್ಷದಲ್ಲಿಯೇ ಉಳಿಯುತ್ತಾನೆ. ಆ ಗಳಿಗೆಯಲ್ಲಿ ಕರ್ಣನೊಬ್ಬನೇ ದೊಡ್ಡವನಾಗುವುದಿಲ್ಲ. ಇಂತಹವನೊಬ್ಬನು ಬಿಟ್ಟುಹೋಗಲಾರದಂತಹ ಏನೋ ಒಂದು ಗುಣ ದುರ್ಯೋಧನನಲ್ಲಿ ಇದ್ದಿರಲೇಬೇಕೆಂದು ನಮಗೆ ಅನ್ನಿಸುತ್ತದೆ. ನಾಯಕನು ತನ್ನನ್ನು ತಾನೇ ಹೊಗಳಿಕೊಂಡರೆ ಅದು ಜಂಭ; ಕವಿ ಹೊಗಳಿದರೆ ಅದು ಕವಿಸಮಯ. ಅವನ ಬಂಟನು ಅವನಿಗಾಗಿ ಏನನ್ನು ತೊರೆದನೆಂಬುದು ಮಾತ್ರ ಸಾಕ್ಷ್ಯವೆನಿಸಿಕೊಳ್ಳುತ್ತದೆ.

ಆದರೆ ಕವಿ ಸ್ವತಂತ್ರನು. ನಾಯಕನಿಗೆ ತಕ್ಕ ಅನುಚರನನ್ನು ಅವನು ತಾನೇ ಕಡೆದು ನಿಲ್ಲಿಸಬಲ್ಲನು. ನಿಜವಾಗಿ ಬಾಳಿದ ಒಡೆಯ ಮತ್ತು ಬಂಟರ ವಿಷಯದಲ್ಲಿಯೂ ಈ ಮಾತು ನಿಲ್ಲುವುದೇ? ಇದನ್ನು ಪರೀಕ್ಷಿಸಲು ಪಂಪನ ಕಾಲದ್ದೇ ಆದ ಒಂದು ಕಲ್ಲು ನಮಗೆ ದೊರೆತಿದೆ. ಪಂಪನು ತನ್ನ ಭಾರತವನ್ನು ಮುಗಿಸಿದ್ದು 941ರಲ್ಲಿ. ಅದಾದ ಎಂಟೊಂಬತ್ತು ವರ್ಷಗಳಿಗೆ, ಶಕವರ್ಷ 872ರಲ್ಲಿ, ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನಲ್ಲಿ ಒಂದು ಶಾಸನವನ್ನು ನಿಲ್ಲಿಸಿದರು. ಮುಂದೆ ಅದನ್ನು ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ತಂದಿರಿಸಲಾಯಿತು. ಕಲ್ಲಿನ ಮೇಲೆ ಕೆತ್ತಿರುವುದು ರಾಜನ ಚಿತ್ರವಲ್ಲ, ಯುದ್ಧದ ಚಿತ್ರವೂ ಅಲ್ಲ. ಒಂದು ಹಂದಿಯೂ ಒಂದು ಬೇಟೆನಾಯಿಯೂ ಒಂದನ್ನೊಂದು ಕಚ್ಚಿ ಹೋರಾಡುತ್ತಿರುವ ಚಿತ್ರ.

ಈ ನಾಯಿಯ ಸುತ್ತ ಬರೆದಿರುವ ಅಕ್ಷರಗಳಲ್ಲಿ ದಕ್ಷಿಣ ಭಾರತದ ಒಂದು ಮಹಾಯುದ್ಧದ ವೃತ್ತಾಂತವೇ ಅಡಗಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳ ರಾಜಕುಮಾರನಾದ ರಾಜಾದಿತ್ಯನ ಮೇಲೆ ದಂಡೆತ್ತಿ ಹೋಗಿ ತಕ್ಕೋಲದಲ್ಲಿ ಅವನನ್ನು ಎದುರಿಸಿದನು. ಕೃಷ್ಣನ ಜೊತೆಗೆ ಅವನ ಭಾವಮೈದುನನಾದ ಗಂಗರ ಇಮ್ಮಡಿ ಬೂತುಗನಿದ್ದನು. ಬೂತುಗನ ಜೊತೆಗೆ ಸಗರವಂಶದ ಮಣಲೆರನೆಂಬ ಬಂಟನಿದ್ದನು. ಬೂತುಗನು ರಾಜಾದಿತ್ಯನನ್ನು ಕೊಂದನು. ಮೆಚ್ಚಿದ ಕೃಷ್ಣನು ಅವನಿಗೆ ಬನವಾಸಿ ಪನ್ನಿರ್ಚ್ಛಾಸಿರವೇ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನೂ ತನ್ನ ಬಂಟನಿಗೆ ಊರುಗಳನ್ನು ಕೊಟ್ಟನು. ಚಕ್ರವರ್ತಿಗೆ ಬೂತುಗನು ಹೇಗೋ ಬೂತುಗನಿಗೆ ಮಣಲೆರನು ಹಾಗೆ. ಒಬ್ಬನ ಕಥೆಯಲ್ಲಿ ಅನುಚರನಾದವನು ಇನ್ನೊಬ್ಬನ ಕಥೆಯಲ್ಲಿ ನಾಯಕನಾಗುತ್ತಾನೆ.

ಮಣಲೆರನ ಹೋರಾಟವನ್ನು ಶಾಸನಕವಿ ವರ್ಣಿಸುವ ಬಗೆ ಗಮನಾರ್ಹವಾದುದು. ಎದುರಾಂತವರನ್ನು ತಡೆಯುವೆವೆಂದು ಅಬ್ಬರಿಸುವ ವೀರರನ್ನು ತಾವು ಕಾಣಲಿಲ್ಲ. ಆದರೆ ಇವನು ಚೋಳಸೇನೆಗೆ ನುಗ್ಗಿ ಇರಿದುದನ್ನು ಮಾತ್ರ ಕಣ್ಣಾರೆ ಕಂಡೆವು, ಅದಕ್ಕೆ ಸ್ವತಃ ಚೋಳನೇ ಸಾಕ್ಷಿ ಎಂಬುದು ಆ ಪದ್ಯದ ಭಾವ. ಸಾಕ್ಷಿ ಹೇಳಬೇಕಾದವನು ಒಡೆಯನಲ್ಲ, ಶತ್ರು! ಮತ್ತೊಂದು ಪದ್ಯದಲ್ಲಿ ಮಣಲೆರನ ಬೆನ್ನ ಹಿಂದೆ ಅರಸನಿದ್ದಾನೆ, ಮುಂದೆ ವೈರಿಸಮೂಹವಿದೆ. ಅವನು ಸಿಂಹದಂತೆ ಆನೆಯ ಮೇಲೆ ಎರಗುತ್ತಾನೆ. ಬಂಟನೆಂದರೆ ಒಡೆಯನ ಹಿಂದೆ ನಡೆಯುವವನೆಂದು ನಾವು ತಿಳಿದಿರುತ್ತೇವೆ. ಈ ಚಿತ್ರದಲ್ಲಿ ಒಡೆಯನೇ ಹಿಂದಿದ್ದಾನೆ. ಬೂತುಗನ ಗೆಲುವಿಗೆ ದಾರಿ ಮಾಡಿಕೊಟ್ಟವರು ಯಾರೆಂಬುದನ್ನು ಶಾಸನವು ಮರೆಮಾಚುವುದಿಲ್ಲ.

ಯುದ್ಧವು ಮುಗಿದಾಗ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದು ಹೇಳಿದನು. ಮಣಲೆರನು ಬೇಡಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಅವನು ವಿರಕ್ತನೇನೂ ಅಲ್ಲ. ಊರುಗಳ ಕೊಡುಗೆಯನ್ನು ಅವನೂ ಪಡೆದಿದ್ದಾನೆ. ಆದರೆ ಊರು ಸೇವೆಗೆ ಸಲ್ಲುವ ಸಂಭಾವನೆ, ಅದಕ್ಕೊಂದು ಲೆಕ್ಕವಿದೆ. ಒಡೆಯನ ಅಚ್ಚುಮೆಚ್ಚಿನ ನಾಯಿಯನ್ನು ಕೇಳುವುದು ಬೇರೆಯ ಮಾತು. ಬೇಟೆಯಲ್ಲಿ ಒಡೆಯನ ಪಕ್ಕದಲ್ಲಿ ಓಡಿದವನು, ಅವನೊಡನೆ ಸಲುಗೆಯುಳ್ಳವನು ಮಾತ್ರ ಅದನ್ನು ಕೇಳಬಲ್ಲನು. ಕೇಳಿದುದನ್ನು ಬೂತುಗನು ಕೊಟ್ಟನು. ರಾಜಾದಿತ್ಯನನ್ನು ಗೆದ್ದ ಬೂತುಗನನ್ನು ಚರಿತ್ರೆಯ ಪುಸ್ತಕಗಳೂ ಬಲ್ಲವು; ತನ್ನ ನಾಯಿಯನ್ನು ಬಂಟನಿಗೆ ಕೊಟ್ಟ ಬೂತುಗನನ್ನು ತೋರಿಸುವವನು ಮಣಲೆರನೇ.

ಈ ಬೂತುಗನು ನಿಷ್ಕಳಂಕನಾದ ಪುರುಷನಾಗಿದ್ದನೆಂದು ಭಾವಿಸಬಾರದು. ಅವನು ರಾಚಮಲ್ಲನನ್ನು ಕೊಂದು ಗಂಗವಾಡಿ ತೊಂಬತ್ತಾರು ಸಾಸಿರವನ್ನು ಆಳುತ್ತಿದ್ದನೆಂದು ಇದೇ ಕಲ್ಲು ನೇರವಾಗಿ ಹೇಳುತ್ತದೆ. ರಾಚಮಲ್ಲನು ಎರೆಯಪ್ಪನ ಮಗ, ಎಂದರೆ ಬೂತುಗನ ಒಡಹುಟ್ಟಿದ ಅಣ್ಣ. ರಾಜಾದಿತ್ಯನ ವಧೆಯ ವಿಷಯದಲ್ಲಿಯೂ ಹಿಂದೊಮ್ಮೆ ಅನುಮಾನ ಹುಟ್ಟಿತ್ತು. ಶಾಸನದಲ್ಲಿ ಬರುವ ‘ಬಿಸುಗೆ’ ಎಂಬ ಮಾತಿಗೆ ಅಪ್ಪುಗೆಯೆಂಬ ಅರ್ಥವೂ ಉಂಟು, ಆನೆಯ ಮೇಲಿನ ಆಸನವೆಂಬ ಅರ್ಥವೂ ಉಂಟು. ಅದರ ಮುಂದಿನ ಪದವನ್ನು ಕಳ್ಳತನದ ಅರ್ಥ ಬರುವಂತೆ ಓದಿ, ಬೂತುಗನು ರಾಜಾದಿತ್ಯನನ್ನು ಅಪ್ಪಿಕೊಳ್ಳುವಾಗ ಮೋಸದಿಂದ ಇರಿದನೆಂದು ಮೊದಲು ಅರ್ಥ ಮಾಡಿದ್ದರು. ಆ ಪದವು ‘ಕಳ’, ಎಂದರೆ ರಣರಂಗ, ಎಂಬುದು ಆಮೇಲೆ ಸ್ಪಷ್ಟವಾಯಿತು. ಆನೆಯ ಆಸನವನ್ನೇ ರಣರಂಗವನ್ನಾಗಿ ಮಾಡಿಕೊಂಡು ಬೂತುಗನು ಇರಿದನೆಂಬುದೇ ಸರಿಯಾದ ಅರ್ಥ. ರಾಜಾದಿತ್ಯನು ಆನೆಯ ಮೇಲಿದ್ದಂತೆಯೇ ಮಡಿದನೆಂದು ಚೋಳರ ತಾಮ್ರಶಾಸನವೂ ಹೇಳುವುದರಿಂದ ಈ ಅರ್ಥಕ್ಕೆ ಬೆಂಬಲ ದೊರೆಯುತ್ತದೆ.

ಮೋಸದ ಆರೋಪವು ಹೀಗೆ ಬಿದ್ದುಹೋಯಿತು. ಅಣ್ಣನ ಕೊಲೆ ಉಳಿಯಿತು. ಬಂಟನ ನಿಷ್ಠೆ ಅದನ್ನು ತೊಳೆಯಲಾರದು. ಬಂಟನನ್ನು ಸಾಕ್ಷಿಯಾಗಿ ಕರೆಯುವಾಗ ನಾವು ನೆನಪಿಡಬೇಕಾದ ಮಿತಿಯೂ ಇದೇ. ಮಣಲೆರನ ಕಲ್ಲು ಮಣಲೆರನ ಪಕ್ಷದ್ದು. ಅವನ ಶೌರ್ಯವನ್ನು ಹಾಡುವ ಪದ್ಯಗಳಲ್ಲಿ ಅತಿಶಯೋಕ್ತಿ ಇದ್ದೇ ಇರುತ್ತದೆ. ಒಡೆಯನು ಧರ್ಮಿಷ್ಠನೋ ಅಲ್ಲವೋ ಎಂಬುದನ್ನು ಬಂಟನು ತೀರ್ಮಾನಿಸಲಾರನು. ಒಡೆಯನ ಸಮೀಪದಲ್ಲಿ ಬಾಳುವುದು ಹೇಗಿತ್ತೆಂಬುದನ್ನು ಮಾತ್ರ ಅವನು ಹೇಳಬಲ್ಲನು. ಸಿಂಹಾಸನದ ಎದುರಿಗೆ ಸ್ವಂತ ಅಣ್ಣನನ್ನೂ ಉಳಿಸದವನು, ಸಿಂಹಾಸನದ ಆಸೆಯಿಲ್ಲದವನೊಡನೆ ಉದಾರಿಯಾಗಿದ್ದನು. ಈ ಎರಡು ಮುಖಗಳನ್ನೂ ಒಂದೇ ಕಲ್ಲು ಹಿಡಿದಿಟ್ಟಿದೆ. ದುರ್ಯೋಧನನ ವಿಷಯದಲ್ಲಿ ಪಂಪನು ಕಂಡದ್ದೂ ಇದಕ್ಕಿಂತ ತೀರ ಭಿನ್ನವಾದುದಲ್ಲ: ದಾಯಾದಿಗಳಿಗೆ ಕಠಿಣನಾದವನು ಗೆಳೆಯನಿಗೆ ತನ್ನದೆಲ್ಲವನ್ನೂ ಕೊಡುತ್ತಾನೆ.

ಇನ್ನು ನಾಯಿಯ ಮಾತು. ಬೆಳತೂರಿನ ಬಳಿಯ ಬೇಟೆಯಲ್ಲಿ ಕಾಳಿಯನ್ನು ಒಂದು ಭಾರಿ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಇರಿದು ಒಟ್ಟಿಗೇ ಸತ್ತವು. ಒಡೆಯನಿಗಾಗಿ ತಾನು ಹೇಗೆ ಆನೆಯ ಮೇಲೆ ಎರಗಿದ್ದನೋ ಹಾಗೆಯೇ ಈ ನಾಯಿ ತನಗಾಗಿ ಹಂದಿಯ ಮೇಲೆ ಎರಗಿತೆಂದು ಮಣಲೆರನಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನು ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂದೂ, ಉಂಡರೆ ಅವನಿಗೆ ಪಾಪ ತಟ್ಟುವುದೆಂದೂ ಬರೆಯಿಸಿದರು.

ಕೃಷ್ಣನು ಬೂತುಗನನ್ನು ಮೆಚ್ಚಿದನು, ಬೂತುಗನು ಮಣಲೆರನನ್ನು ಮೆಚ್ಚಿದನು. ಮೆಚ್ಚುಗೆಯ ಈ ಸರಪಳಿ ಒಂದು ನಾಯಿಯವರೆಗೆ ಇಳಿದುಬಂದು ಅಲ್ಲಿ ಕಲ್ಲಾಗಿ ನಿಂತಿತು. ಆ ತುದಿಯಿಂದ ಮೇಲಕ್ಕೆ ಓದುತ್ತ ಹೋಗಿಯೇ ತಕ್ಕೋಲದ ವೀರನನ್ನು ನಾವು ಮುಟ್ಟುತ್ತೇವೆ.