ನಿರ್ಬಂಧಿತ ವರ್ಗದ ಮಾರಾಟಾನುಮತಿ

ಅಮೆಜಾನ್ ಮೊದಲಾದ ಆನ್‌ಲೈನ್ ಮಾರುಕಟ್ಟೆಗಳಲ್ಲಿ, ಎಲ್ಲರಿಗೂ ಮುಕ್ತವಲ್ಲದ ಸರಕಿನ ವರ್ಗವನ್ನಾಗಲಿ ಬ್ರ್ಯಾಂಡನ್ನಾಗಲಿ ಮಾರಲು, ಸರಕಿನ ಮೂಲವನ್ನು ದಾಖಲೆಗಳಿಂದ ಪ್ರಮಾಣೀಕರಿಸಿ ವ್ಯಾಪಾರಿಯು ಪಡೆಯುವ ಪೂರ್ವಾನುಮತಿ. ನಕಲಿ ಹಾಗೂ ಅಪಾಯಕಾರಿ ಸರಕುಗಳ ನಿವಾರಣೆ ಇದರ ಉದ್ದೇಶ.

ಅಮೆಜಾನಿನ ಮಾರಾಟ ಖಾತೆಯಲ್ಲಿ ಸರಕನ್ನು ಸೇರಿಸುವಾಗ ಕಾಣುವ Apply to sell ಎಂಬ ಗುಂಡಿಯಿಂದ ಅರ್ಜಿ ಆರಂಭವಾಗುತ್ತದೆ. ಬೇಕಾದ ದಾಖಲೆಗಳು ವರ್ಗದಿಂದ ವರ್ಗಕ್ಕೆ ಭಿನ್ನವಾದರೂ ಇನ್‌ವಾಯ್ಸ್ ಮತ್ತು ಬ್ರ್ಯಾಂಡಿನ ಅಧಿಕಾರಪತ್ರ ಇವೆರಡು ಪ್ರಧಾನವಾದುವು.

ಇನ್‌ವಾಯ್ಸ್ ತಯಾರಕನಿಂದಲೋ ವಿತರಕನಿಂದಲೋ ಬಂದಿರಬೇಕು. ಚಿಲ್ಲರೆ ಅಂಗಡಿಯ ರಸೀದಿಯಾಗಲಿ, ಖರೀದಿಗೆ ಮುನ್ನ ಕೊಡುವ ಪ್ರೊಫಾರ್ಮಾ ಪತ್ರವಾಗಲಿ ಸಲ್ಲದು. ಇನ್‌ವಾಯ್ಸ್ ಸಾಮಾನ್ಯವಾಗಿ ಕಳೆದ 180 ದಿನಗಳೊಳಗಿನದಾಗಿದ್ದು, ಕನಿಷ್ಠ 10 ಘಟಕಗಳ ಖರೀದಿಯನ್ನು ತೋರಿಸಬೇಕು. ಬೆಲೆಯನ್ನು ಮರೆಮಾಡಲು ಸಾಮಾನ್ಯವಾಗಿ ಅವಕಾಶವುಂಟು; ಉಳಿದುದನ್ನು ತಿದ್ದುವಂತಿಲ್ಲ.

ಅಧಿಕಾರಪತ್ರವು ಬ್ರ್ಯಾಂಡಿನ ಒಡೆಯನು ತನ್ನ ಲೆಟರ್‌ಹೆಡ್ಡಿನ ಮೇಲೆ ವ್ಯಾಪಾರಿಯ ಹೆಸರನ್ನು ನಮೂದಿಸಿ ಸಹಿಮಾಡಿದ ಸಮ್ಮತಿ. ಅದನ್ನು ವಿತರಕನು ಕೊಟ್ಟಿದ್ದಲ್ಲಿ, ಒಡೆಯನಿಂದ ವಿತರಕನಿಗೆ ದೊರೆತ ಅಧಿಕಾರದ ಪತ್ರವೂ ಜೊತೆಗಿದ್ದರೆ ಮಾತ್ರ ಅಧಿಕಾರದ ಸರಣಿ ಪೂರ್ಣವಾಗುತ್ತದೆ.

ಅರ್ಜಿಯ ತಿರಸ್ಕಾರಕ್ಕೆ ಸಾಮಾನ್ಯ ಕಾರಣ ವಿವರಗಳು ಪರಸ್ಪರ ಹೊಂದದಿರುವುದು. ಉದಾಹರಣೆಗೆ, ಸೌಂದರ್ಯವರ್ಧಕಗಳನ್ನು ಮಾರಬಯಸುವ ಬೆಂಗಳೂರಿನ ವ್ಯಾಪಾರಿಯೊಬ್ಬನ ಖಾತೆಯು ಸಂಸ್ಥೆಯ ಹೆಸರಿನಲ್ಲಿದ್ದು, ಇನ್‌ವಾಯ್ಸ್ ಅವನ ಸ್ವಂತ ಹೆಸರಿನಲ್ಲಿಯೂ ಹಳೆಯ ವಿಳಾಸದಲ್ಲಿಯೂ ಇದ್ದರೆ, ಖರೀದಿ ನಿಜವಾದರೂ ಅರ್ಜಿ ಊರ್ಜಿತವಾಗದು. ಖಾತೆ, ಜಿಎಸ್‌ಟಿ ನೋಂದಣಿ, ಇನ್‌ವಾಯ್ಸ್ ಮೂರರಲ್ಲಿಯೂ ಹೆಸರು ವಿಳಾಸಗಳನ್ನು ಏಕರೂಪಗೊಳಿಸಿ, ವಿತರಕನಿಂದ ಸರಿಯಾದ ಇನ್‌ವಾಯ್ಸ್ ಪಡೆದು ಮರಳಿ ಸಲ್ಲಿಸಬೇಕಾಗುತ್ತದೆ.

ಈ ಅನುಮತಿ ಶಾಸನಬದ್ಧ ಪರವಾನಗಿಗೆ ಬದಲಿಯಲ್ಲ: ಆಹಾರ ಮಾರುವವನಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಪ್ರತ್ಯೇಕವಾಗಿ ಬೇಕು.